ಎರಡು ತೀರ್ಮಾನಗಳೂ ಬಿಡಿಬಿಡಿಯಾಗಿ ನಿಲ್ಲುವುದಿಲ್ಲ. ಆದರೂ ‘ಯಾವುದೂ ಅನುಸರಿಸುವುದಿಲ್ಲ’ ಎಂಬ ಆಯ್ಕೆ ತಪ್ಪೇಕೆ?

ಪಾಂಡವಪುರದ ಅಭ್ಯರ್ಥಿ

ಎಲ್ಲರಿಗೂ ನಮಸ್ಕಾರ. ಗ್ರಾಮೀಣ ಬ್ಯಾಂಕಿನ ಕಚೇರಿ ಸಹಾಯಕ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದೇನೆ. ಬೆಳಗಿನ ರೈಲಿನಲ್ಲಿ ಮೈಸೂರಿಗೆ ಬಂದು ಗ್ರಂಥಾಲಯದಲ್ಲಿ ಕುಳಿತು ಓದಿ ಸಂಜೆ ಊರಿಗೆ ಹಿಂದಿರುಗುತ್ತೇನೆ. ಒಂದು ವಾರದಿಂದ ಸಿಲಾಜಿಸಂನಲ್ಲಿ ಒಂದೇ ಜಾಗದಲ್ಲಿ ಎಡವುತ್ತಿದ್ದೇನೆ. ಪ್ರಶ್ನೆ ಹೀಗಿದೆ.

ಹೇಳಿಕೆಗಳು: ಎಲ್ಲ ಕಬ್ಬು ಬೆಳೆಗಾರರು ರೈತರು. ಕೆಲವು ರೈತರು ಸಂಘದ ಸದಸ್ಯರು.

ತೀರ್ಮಾನ ಒಂದು: ಕೆಲವು ಕಬ್ಬು ಬೆಳೆಗಾರರು ಸಂಘದ ಸದಸ್ಯರು.
ತೀರ್ಮಾನ ಎರಡು: ಯಾವ ಕಬ್ಬು ಬೆಳೆಗಾರನೂ ಸಂಘದ ಸದಸ್ಯನಲ್ಲ.

ಆಯ್ಕೆಗಳು: 1. ಒಂದನೆಯದು ಮಾತ್ರ ಅನುಸರಿಸುತ್ತದೆ. 2. ಎರಡನೆಯದು ಮಾತ್ರ ಅನುಸರಿಸುತ್ತದೆ. 3. ಒಂದನೆಯದು ಅಥವಾ ಎರಡನೆಯದು ಅನುಸರಿಸುತ್ತದೆ. 4. ಯಾವುದೂ ಅನುಸರಿಸುವುದಿಲ್ಲ. 5. ಎರಡೂ ಅನುಸರಿಸುತ್ತವೆ.

ನಾನು 4 ಎಂದು ಗುರುತಿಸಿದೆ. ಸದಸ್ಯರಾದ ಆ ಕೆಲವು ರೈತರು ಬರೀ ಭತ್ತ ಬೆಳೆಯುವವರೇ ಆಗಿರಬಹುದು. ಹಾಗಾದರೆ ಒಂದನೆಯ ತೀರ್ಮಾನ ಖಚಿತವಲ್ಲ. ಅವರಲ್ಲಿ ಕಬ್ಬು ಬೆಳೆಯುವವರೂ ಇರಬಹುದು. ಹಾಗಾದರೆ ಎರಡನೆಯದೂ ಖಚಿತವಲ್ಲ. ಎರಡೂ ಖಚಿತವಲ್ಲ ಎಂದ ಮೇಲೆ ‘ಯಾವುದೂ ಅನುಸರಿಸುವುದಿಲ್ಲ’ ಎನ್ನುವುದೇ ಸರಿಯಲ್ಲವೇ? ಪುಸ್ತಕದ ಹಿಂಬದಿಯಲ್ಲಿ ಉತ್ತರ 3 ಎಂದಿದೆ, ವಿವರಣೆ ಇಲ್ಲ. ಕಳೆದ ವಾರ ಬಿಡಿಸಿದ 40 ಪ್ರಶ್ನೆಗಳಲ್ಲಿ 9 ತಪ್ಪಾಗಿವೆ. ಆ ಒಂಬತ್ತರಲ್ಲಿ ಏಳು ಕಡೆ ನಾನು 4 ಅನ್ನೇ ಆರಿಸಿದ್ದೇನೆ. ನನ್ನ ಯೋಚನೆ ಎಲ್ಲಿ ಮುರಿಯುತ್ತಿದೆ ಎಂದು ದಯವಿಟ್ಟು ತೋರಿಸಿಕೊಡಿ.

ಸರಸ್ವತಿಪುರಂ ಓದುಗ

ತಂಗಿ, ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಡ. ಎರಡು ತೀರ್ಮಾನಗಳನ್ನು ಮೊದಲು ನೋಡು. ಒಂದು ‘ಕೆಲವು ಹೌದು’ ಎನ್ನುತ್ತದೆ, ಇನ್ನೊಂದು ‘ಯಾವುದೂ ಅಲ್ಲ’ ಎನ್ನುತ್ತದೆ. ಒಂದಕ್ಕೊಂದು ಎದುರು. ತೀರ್ಮಾನಗಳು ಎದುರುಬದುರಾಗಿ ನಿಂತಿದ್ದರೆ ಕಣ್ಣು ಮುಚ್ಚಿ 3 ಅನ್ನು ಗುರುತಿಸಬಹುದು. ಹೇಳಿಕೆಗಳನ್ನು ಓದುವ ಅಗತ್ಯವೂ ಬೀಳುವುದಿಲ್ಲ. ನಾನು ಎರಡು ವರ್ಷಗಳಿಂದ ಹೀಗೆಯೇ ಮಾಡುತ್ತಿದ್ದೇನೆ, ಹೆಚ್ಚಿನ ಕಡೆ ಸರಿಯಾಗುತ್ತದೆ.

ಕೆ.ಆರ್. ಪೇಟೆಯ ಬೆಳೆಗಾರ

ನನ್ನ ಮಗನೂ ಇದೇ ಪರೀಕ್ಷೆಗೆ ಓದುತ್ತಿರುವುದರಿಂದ ಈ ಪ್ರಶ್ನೆಯನ್ನು ನೋಡಿದೆ. ನನಗೆ ಅನಿಸುವುದು, ಉತ್ತರ 1 ಆಗಬೇಕು. ನಾನು ಮೂರು ಎಕರೆಯಲ್ಲಿ ಕಬ್ಬು ಹಾಕಿದ್ದೇನೆ, ನಮ್ಮ ಊರಿನ ಸಹಕಾರ ಸಂಘದಲ್ಲಿ ಸದಸ್ಯನಾಗಿದ್ದೇನೆ. ನಮ್ಮಲ್ಲಿ ಕಬ್ಬು ಬೆಳೆಯುವ ಬಹುಪಾಲು ಜನ ಸಾಲಕ್ಕಾಗಿ, ಗೊಬ್ಬರಕ್ಕಾಗಿ ಸಂಘಕ್ಕೆ ಸೇರಿಯೇ ಇರುತ್ತಾರೆ. ‘ಯಾವ ಕಬ್ಬು ಬೆಳೆಗಾರನೂ ಸದಸ್ಯನಲ್ಲ’ ಎಂದು ಯಾರಾದರೂ ಬರೆದರೆ ಅದು ಸುಳ್ಳು ಎಂದು ನಾನೇ ಸಾಕ್ಷಿ ನುಡಿಯಬಲ್ಲೆ. ಪ್ರಶ್ನೆ ತೆಗೆದವರಿಗೆ ಮಂಡ್ಯ ಜಿಲ್ಲೆಯ ಪರಿಚಯ ಇಲ್ಲವೆಂದು ಕಾಣುತ್ತದೆ.

ಮದ್ದೂರಿನ ಗುಮಾಸ್ತ

ಬೆಳೆಗಾರರೇ, ನೀವು ಹೇಳಿದ್ದು ಊರಿನ ಮಟ್ಟಿಗೆ ನಿಜ. ಆದರೆ ಪರೀಕ್ಷೆಯಲ್ಲಿ ನಮಗೆ ಕೊಟ್ಟಿರುವ ಲೋಕ ಎರಡು ಸಾಲಿನದು ಮಾತ್ರ. ಆ ಎರಡು ಸಾಲುಗಳು ಒಪ್ಪುವ ಯಾವುದಾದರೂ ಒಂದು ಊರನ್ನು ಕಲ್ಪಿಸಿಕೊಂಡು, ಅಲ್ಲಿ ತೀರ್ಮಾನ ಸುಳ್ಳಾದರೆ ಆ ತೀರ್ಮಾನ ಬಿದ್ದಂತೆ. ಆ ಊರು ಕೆ.ಆರ್. ಪೇಟೆಯೇ ಆಗಿರಬೇಕಿಲ್ಲ. ನೀವು ಬಿದ್ದ ಈ ಬಲೆಯನ್ನು ಪ್ರಶ್ನೆ ತೆಗೆಯುವವರು ಬೇಕೆಂದೇ ಹೆಣೆಯುತ್ತಾರೆ. ನಮಗೆ ಗೊತ್ತಿರುವ ನಿಜವನ್ನು ತೀರ್ಮಾನವಾಗಿ ಇಟ್ಟುಬಿಟ್ಟರೆ ಕೈ ತಾನಾಗಿಯೇ ಅದರ ಮೇಲೆ ಹೋಗುತ್ತದೆ. ಪರೀಕ್ಷೆಗೆ ಓದುವಾಗ ನಾನು ಕಬ್ಬು ಬೆಳೆಗಾರರಿಗೆ ‘ಕ’, ರೈತರಿಗೆ ‘ರ’, ಸದಸ್ಯರಿಗೆ ‘ಸ’ ಎಂದು ಬರೆದುಕೊಂಡು ಮೂಲ ಪದಗಳ ಕಡೆ ಮತ್ತೆ ನೋಡುತ್ತಿರಲಿಲ್ಲ. ನಿಮ್ಮ ಮಗನಿಗೂ ಇದನ್ನು ಹೇಳಿ.

ಇನ್ನು ಪಾಂಡವಪುರದ ತಂಗಿಗೆ. ನೀವು ಮಾಡಿರುವ ಕೆಲಸದಲ್ಲಿ ಮುಕ್ಕಾಲು ಭಾಗ ಸರಿಯಾಗಿದೆ. ಭತ್ತ ಬೆಳೆಯುವವರು ಮಾತ್ರ ಸದಸ್ಯರಾಗಿರುವ ಊರನ್ನು ಕಲ್ಪಿಸಿಕೊಂಡಿರಲ್ಲ, ಆ ಒಂದೇ ಚಿತ್ರದಿಂದ ಆಯ್ಕೆ 1 ಹೋಯಿತು. ಜೊತೆಗೆ 5 ಕೂಡ ಹೋಯಿತು, ಏಕೆಂದರೆ ‘ಎರಡೂ’ ಎನ್ನಬೇಕಾದರೆ ಒಂದನೆಯದು ನಿಲ್ಲಬೇಕಿತ್ತು. ಕಬ್ಬು ಬೆಳೆಗಾರರೂ ಸದಸ್ಯರಾಗಿರುವ ಎರಡನೆಯ ಚಿತ್ರದಿಂದ ಆಯ್ಕೆ 2 ಹೋಯಿತು. ಎರಡು ಚಿತ್ರಗಳಲ್ಲಿ ಮೂರು ಆಯ್ಕೆಗಳು ಹೊರಗೆ. ಉಳಿದದ್ದು 3 ಮತ್ತು 4.

ನೀವು ಇಲ್ಲಿಯೇ ನಿಂತುಬಿಟ್ಟಿದ್ದೀರಿ. 3 ಮತ್ತು 4ರ ನಡುವೆ ತೀರ್ಪು ಕೊಡಲು ಹಿಂದಿನ ಎರಡು ಚಿತ್ರಗಳು ಸಾಲುವುದಿಲ್ಲ, ಏಕೆಂದರೆ ಅವು ಎರಡೂ ಆಯ್ಕೆಗಳಿಗೆ ಸಮಾನವಾಗಿ ಹೊಂದುತ್ತವೆ. ಈಗ ಬೇರೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಎರಡು ತೀರ್ಮಾನಗಳೂ ಒಟ್ಟಿಗೆ, ಒಂದೇ ಊರಿನಲ್ಲಿ ಸುಳ್ಳಾಗುವ ಚಿತ್ರ ಬರೆಯಲು ಸಾಧ್ಯವೇ? ಪ್ರಯತ್ನಿಸಿ ನೋಡಿ. ಒಂದನೆಯದನ್ನು ಸುಳ್ಳು ಮಾಡಬೇಕಾದರೆ ಸದಸ್ಯನಾದ ಒಬ್ಬ ಕಬ್ಬು ಬೆಳೆಗಾರನೂ ಇರಬಾರದು. ಹಾಗೆ ಮಾಡಿದ ತಕ್ಷಣ ಎರಡನೆಯದು ನಿಜವಾಗಿ ಎದ್ದು ನಿಲ್ಲುತ್ತದೆ. ಅದನ್ನು ಸುಳ್ಳು ಮಾಡಲು ಒಬ್ಬನನ್ನು ಸದಸ್ಯನನ್ನಾಗಿ ಮಾಡಿದರೆ ಒಂದನೆಯದು ನಿಜವಾಗುತ್ತದೆ. ಎರಡನ್ನೂ ಒಟ್ಟಿಗೆ ಕೆಡವಲು ಆಗುವುದೇ ಇಲ್ಲ. ಆದ್ದರಿಂದ 4 ಹೋಗಿ 3 ಉಳಿಯುತ್ತದೆ.

ಸರಸ್ವತಿಪುರಂ ಅಣ್ಣನ ಮಾತಿನಲ್ಲಿ ಅರ್ಧ ಸರಿ ಇದೆ, ಇನ್ನರ್ಧ ಅಪಾಯಕಾರಿ. ಎರಡನೆಯ ಹೇಳಿಕೆಯನ್ನು ‘ಯಾವ ರೈತನೂ ಸಂಘದ ಸದಸ್ಯನಲ್ಲ’ ಎಂದು ಬದಲಾಯಿಸಿ, ತೀರ್ಮಾನಗಳನ್ನು ಹಾಗೆಯೇ ಇಡಿ. ತೀರ್ಮಾನಗಳು ಈಗಲೂ ಎದುರುಬದುರೇ. ಆದರೆ ಕಬ್ಬು ಬೆಳೆಗಾರರೆಲ್ಲ ರೈತರು, ರೈತರಲ್ಲಿ ಯಾರೂ ಸದಸ್ಯರಲ್ಲ ಎಂದ ಮೇಲೆ ಎರಡನೆಯ ತೀರ್ಮಾನ ಗಟ್ಟಿಯಾಗಿ ನಿಂತಿತು. ಉತ್ತರ 2. ಕಣ್ಣು ಮುಚ್ಚಿ 3 ಎಂದವರಿಗೆ ಒಂದು ಅಂಕ ಹೋಯಿತು, ಮೇಲೆ ಕಾಲು ಅಂಕದ ದಂಡವೂ ಬಿತ್ತು. ಎರಡೂ ಬಿಡಿಯಾಗಿ ಬಿದ್ದಿವೆ ಎಂದು ಖಚಿತವಾದ ಮೇಲೆಯೇ 3ರ ಕಡೆ ನೋಡಬೇಕು, ಅದಕ್ಕೆ ಮೊದಲು ನೋಡಬಾರದು.

ಪಾಂಡವಪುರದ ಅಭ್ಯರ್ಥಿ

ಅಣ್ಣ, ತುಂಬಾ ಧನ್ಯವಾದಗಳು. ‘ಬಿಡಿಯಾಗಿ ಬೀಳುವುದು’ ಬೇರೆ, ‘ಒಟ್ಟಿಗೆ ಬೀಳುವುದು’ ಬೇರೆ ಎಂಬುದು ಈಗ ತಿಳಿಯಿತು. ನಾನು ಎರಡನ್ನೂ ಒಂದೇ ಎಂದುಕೊಂಡಿದ್ದೆ. ಆದರೆ ಇನ್ನೊಂದು ಹೆದರಿಕೆ ಶುರುವಾಗಿದೆ. ಹಾಗಾದರೆ 4 ಯಾವಾಗ ಸರಿಯಾಗುತ್ತದೆ? ನಿನ್ನೆ ಬಿಡಿಸಿದ ಇನ್ನೊಂದು ಪ್ರಶ್ನೆಯಲ್ಲಿ ಹೇಳಿಕೆಗಳು ಇವೇ ಆಗಿದ್ದವು. ತೀರ್ಮಾನಗಳು ‘ಎಲ್ಲ ಕಬ್ಬು ಬೆಳೆಗಾರರು ಸದಸ್ಯರು’ ಮತ್ತು ‘ಯಾವ ಕಬ್ಬು ಬೆಳೆಗಾರನೂ ಸದಸ್ಯನಲ್ಲ’ ಎಂದಿದ್ದವು. ಇವು ಇನ್ನೂ ಹೆಚ್ಚು ಎದುರುಬದುರು ಅಲ್ಲವೇ? ಅಲ್ಲಿ ಮಾತ್ರ ಉತ್ತರ 4 ಎಂದು ಕೊಟ್ಟಿದ್ದಾರೆ.

ಸರಸ್ವತಿಪುರಂ ಓದುಗ

ಮದ್ದೂರಿನವರ ಉದಾಹರಣೆಯನ್ನು ಒಪ್ಪುತ್ತೇನೆ, ಹೇಳಿಕೆ ಓದಲೇಬೇಕು. ಆದರೆ ತಂಗಿ ಈಗ ಕೊಟ್ಟಿರುವ ಪ್ರಶ್ನೆಯಲ್ಲಿ ಪುಸ್ತಕದ ಉತ್ತರವೇ ಅಚ್ಚಿನ ತಪ್ಪಾಗಿರಬೇಕು. ‘ಎಲ್ಲ’ ಮತ್ತು ‘ಯಾವುದೂ ಇಲ್ಲ’ ಇವುಗಳಿಗಿಂತ ದೂರದ ಎದುರಾಳಿಗಳು ಇನ್ನಾವುವು? ಇದು 3 ಆಗಲೇಬೇಕು.

ತರ್ಕದ ಮೇಷ್ಟ್ರು, ಮಂಡ್ಯ

ನಾನು ಪದವಿಪೂರ್ವ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ತುಂಬಾ ದಿನಗಳ ನಂತರ ಇಂತಹ ಚರ್ಚೆ ಕಂಡು ಮನಸ್ಸು ತುಂಬಿಬಂದು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಪುಸ್ತಕದ ಉತ್ತರ ಸರಿಯಾಗಿದೆ. ತುಂಬಾ ದೂರ ನಿಂತ ಎದುರಾಳಿಗಳ ನಡುವೆ ಖಾಲಿ ಜಾಗವೂ ಹೆಚ್ಚು ಇರುತ್ತದೆ. ಇಲ್ಲಿ ತೊಡಕು ಹುಟ್ಟುವುದೇ ಆ ಖಾಲಿ ಜಾಗದಿಂದ. ವೃತ್ತಗಳನ್ನು ಒಂದು ಕ್ಷಣ ಬದಿಗಿಟ್ಟು ಹತ್ತು ಜನ ಕಬ್ಬು ಬೆಳೆಗಾರರನ್ನು ಸಾಲಾಗಿ ನಿಲ್ಲಿಸಿ. ಅವರಲ್ಲಿ ಎಷ್ಟು ಜನ ಸದಸ್ಯರು ಎಂಬ ಒಂದೇ ಲೆಕ್ಕವನ್ನು ಕೇಳೋಣ. ಅದು ಸೊನ್ನೆಯಿಂದ ಹತ್ತರವರೆಗೆ ಯಾವುದಾದರೂ ಆಗಿರಬಹುದು. ‘ಎಲ್ಲ’ ಎಂದರೆ 10. ‘ಯಾರೂ ಅಲ್ಲ’ ಎಂದರೆ 0. ‘ಕೆಲವರು ಹೌದು’ ಎಂದರೆ 1ರಿಂದ 10. ‘ಕೆಲವರು ಅಲ್ಲ’ ಎಂದರೆ 0ಯಿಂದ 9.

ಇಲ್ಲೊಂದು ಮಾತನ್ನು ಗಮನಿಸಬೇಕು. ನಮ್ಮ ದಿನನಿತ್ಯದ ಕನ್ನಡದಲ್ಲಿ ‘ಕೆಲವರು ಬಂದರು’ ಎಂದರೆ ಉಳಿದವರು ಬರಲಿಲ್ಲ ಎಂಬ ಧ್ವನಿ ಇರುತ್ತದೆ. ತರ್ಕದ ‘ಕೆಲವರು’ ಎಂಬುದಕ್ಕೆ ಆ ಧ್ವನಿ ಇಲ್ಲ. ಅದು ಕನಿಷ್ಠ ಒಬ್ಬ ಎಂದು ಮಾತ್ರ ಹೇಳುತ್ತದೆ, ಹತ್ತಕ್ಕೆ ಹತ್ತು ಜನ ಬಂದರೂ ಅದು ಸುಳ್ಳಾಗುವುದಿಲ್ಲ. ಅದಕ್ಕಾಗಿಯೇ ಮೇಲೆ 1ರಿಂದ 9 ಎನ್ನದೆ 1ರಿಂದ 10 ಎಂದು ಬರೆದೆ.

ಈಗ ಮೊದಲ ಪ್ರಶ್ನೆಯ ಜೋಡಿಯನ್ನು ಸಾಲಿನ ಮೇಲೆ ಇಡಿ. ‘ಕೆಲವರು ಹೌದು’ 1ರಿಂದ 10, ‘ಯಾರೂ ಅಲ್ಲ’ 0. ಸಾಲು ಪೂರ್ತಿ ತುಂಬಿತು, ಎಲ್ಲಿಯೂ ಬಿರುಕಿಲ್ಲ. ಲೆಕ್ಕ ಏನೇ ಆಗಿರಲಿ, ಎರಡರಲ್ಲಿ ಒಂದು ಅದನ್ನು ಹಿಡಿದೇ ಹಿಡಿಯುತ್ತದೆ. ಆದ್ದರಿಂದ 3. ಎರಡನೆಯ ಪ್ರಶ್ನೆಯ ಜೋಡಿಯನ್ನು ಇಡಿ. ‘ಎಲ್ಲ’ 10, ‘ಯಾರೂ ಅಲ್ಲ’ 0. ನಡುವೆ 1ರಿಂದ 9ರವರೆಗೆ ಬಯಲು. ಹತ್ತು ಜನರಲ್ಲಿ ನಾಲ್ವರು ಸದಸ್ಯರಾದರೆ ಎರಡು ತೀರ್ಮಾನಗಳೂ ಒಟ್ಟಿಗೆ ಸುಳ್ಳಾದವು. ಮದ್ದೂರಿನವರು ಕೇಳಿದ ‘ಒಟ್ಟಿಗೆ ಕೆಡವುವ ಚಿತ್ರ’ ಸಿಕ್ಕಿತು. ಆದ್ದರಿಂದ 4. ಸರಸ್ವತಿಪುರಂ ಓದುಗರು ಕೇಳುತ್ತಿರುವುದು ಎದುರಾಳಿಗಳು ಎಷ್ಟು ದೂರ ನಿಂತಿದ್ದಾರೆ ಎಂದು. ಕೇಳಬೇಕಾದದ್ದು ನಡುವೆ ಜಾಗ ಉಳಿಯಿತೇ ಎಂದು.

ಇನ್ನೊಂದು ಜೋಡಿಯೂ ಪರೀಕ್ಷೆಯಲ್ಲಿ ಬರುತ್ತದೆ. ‘ಎಲ್ಲ ಬೆಳೆಗಾರರು ಸದಸ್ಯರು’, ‘ಕೆಲವು ಬೆಳೆಗಾರರು ಸದಸ್ಯರಲ್ಲ’. ಅಂದರೆ 10, ಮತ್ತು 0ಯಿಂದ 9. ಇಲ್ಲಿಯೂ ಬಿರುಕಿಲ್ಲ. ಎರಡೂ ಬಿಡಿಯಾಗಿ ನಿಲ್ಲದಿದ್ದರೆ ಉತ್ತರ 3.

ತಪ್ಪು ಏಕೆ ಹುಟ್ಟುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಅಭ್ಯರ್ಥಿಗಳು ಬರೆಯುವ, ವೃತ್ತದೊಳಗೆ ವೃತ್ತ ಇರುವ ಚಿತ್ರವನ್ನು ಎಲ್ಲರೂ ವೆನ್ ಚಿತ್ರ ಎಂದು ಕರೆಯುತ್ತಾರೆ. ನಿಜವಾಗಿ ಅದು 18ನೆಯ ಶತಮಾನದ ಗಣಿತಜ್ಞ ಆಯ್ಲರ್ ಬಳಸಿದ ಬಗೆಯದು. ಅದರಲ್ಲಿ ಒಂದು ಕಷ್ಟ ಇದೆ. ಸದಸ್ಯರ ವೃತ್ತವನ್ನು ಬರೆಯುವಾಗ ಅದು ಕಬ್ಬಿನ ವೃತ್ತವನ್ನು ಮುಟ್ಟಬೇಕೋ ಬೇಡವೋ ಎಂದು ಕೈ ನಿರ್ಧರಿಸಲೇಬೇಕು. ಹೇಳಿಕೆ ಹೇಳದ ಸಂಗತಿಯನ್ನು ಪೆನ್ಸಿಲ್ಲು ಹೇಳಿಬಿಡುತ್ತದೆ. ಬರೆದವನು ಅದನ್ನು ನಂಬುತ್ತಾನೆ, ಆಯ್ಕೆ 1 ಅಥವಾ 2ಕ್ಕೆ ಬೀಳುತ್ತಾನೆ.

ಜಾನ್ ವೆನ್ 1880ರಲ್ಲಿ ತೋರಿಸಿದ ರೀತಿ ಬೇರೆ. ಮೂರು ವೃತ್ತಗಳೂ ಮೊದಲೇ ಒಂದರ ಮೇಲೊಂದು ಹಾಯ್ದಿರುತ್ತವೆ. ‘ಎಲ್ಲ ಕಬ್ಬು ಬೆಳೆಗಾರರು ರೈತರು’ ಎಂದರೆ ರೈತರ ವೃತ್ತದ ಹೊರಗಿರುವ ಕಬ್ಬಿನ ಭಾಗವನ್ನು ಗೀರು ಹಾಕಿ ಅಳಿಸುತ್ತೇವೆ. ‘ಕೆಲವು ರೈತರು ಸದಸ್ಯರು’ ಎಂದರೆ ರೈತರೂ ಸದಸ್ಯರೂ ಹಾಯುವ ಜಾಗದಲ್ಲಿ ಒಂದು ಗುರುತು ಇಡಬೇಕು. ಆದರೆ ಆ ಜಾಗವನ್ನು ಕಬ್ಬಿನ ವೃತ್ತದ ಗೆರೆ ಎರಡಾಗಿ ಸೀಳಿದೆ. ಯಾವ ಪಾಲಿನಲ್ಲಿ ಇಡಬೇಕೆಂದು ಹೇಳಿಕೆ ಹೇಳಿಲ್ಲವಾದ್ದರಿಂದ ಗುರುತನ್ನು ಗೆರೆಯ ಮೇಲೆಯೇ ಇಡುತ್ತೇವೆ. ಗುರುತು ಗೆರೆಯ ಮೇಲೆ ಕುಳಿತಿತೆಂದರೆ ಕಬ್ಬು ಬೆಳೆಗಾರರಿಗೂ ಸದಸ್ಯರಿಗೂ ಇರುವ ನಂಟು ತೀರ್ಮಾನವಾಗಿಲ್ಲ ಎಂದೇ ಅರ್ಥ. 1, 2, 5 ಒಂದೇ ನೋಟದಲ್ಲಿ ಹೋದವು. ಎರಡು ಮೂರು ಚಿತ್ರ ಬರೆಯುವ ಕೆಲಸ ತಪ್ಪಿತು.

ಮದ್ದೂರಿನ ಗುಮಾಸ್ತ

ಮೇಷ್ಟ್ರೇ, ಸೊನ್ನೆಯಿಂದ ಹತ್ತರ ಸಾಲು ನನಗೂ ಹೊಸದು, ಬಹಳ ಚೆನ್ನಾಗಿದೆ. ಗೀರು ಹಾಕುವ ಚಿತ್ರದ ಬಗ್ಗೆ ಮಾತ್ರ ಒಂದು ಮಾತು. ಪ್ರೊಬೇಷನರಿ ಅಧಿಕಾರಿಗಳ ಪೂರ್ವಭಾವಿ ಪರೀಕ್ಷೆಯಲ್ಲಿ ತಾರ್ಕಿಕ ವಿಭಾಗಕ್ಕೆ 35 ಪ್ರಶ್ನೆ, 20 ನಿಮಿಷ ಇರುತ್ತಿತ್ತು. ಒಂದು ಪ್ರಶ್ನೆಗೆ 34 ಸೆಕೆಂಡು. ಎರಡೇ ಹೇಳಿಕೆ ಇದ್ದರೆ ನಿಮ್ಮ ಚಿತ್ರ ಸುಲಭ. ಹೇಳಿಕೆಗಳು ಮೂರಾಗಿ ಪದಗಳು ನಾಲ್ಕಾದಾಗ ನಾಲ್ಕು ವೃತ್ತಗಳನ್ನು ಎಲ್ಲ ಕಡೆ ಹಾಯುವಂತೆ ಬರೆಯಲು ಆಗುವುದಿಲ್ಲ. ಅಲ್ಲಿ ನಾನು ಹಳೆಯ ವೃತ್ತಗಳನ್ನೇ ಬರೆದು, ಮುಟ್ಟಲೂಬಹುದು ಮುಟ್ಟದಿರಲೂಬಹುದು ಎನ್ನುವ ಕಡೆ ಗೆರೆಯನ್ನು ಚುಕ್ಕೆ ಚುಕ್ಕೆಯಾಗಿ ಎಳೆಯುತ್ತಿದ್ದೆ. ಚುಕ್ಕೆ ಗೆರೆ ಎಂದರೆ ‘ಇದನ್ನು ಹೇಳಿಕೆ ಹೇಳಿಲ್ಲ, ನಾನು ಹೇಳಿದ್ದು’ ಎಂದು ನನಗೆ ನಾನೇ ಕೊಟ್ಟುಕೊಂಡ ಎಚ್ಚರಿಕೆ.

ಮೂರು ಆಯ್ಕೆ ತೆಗೆದ ಮೇಲೆ ಸಮಯ ಮುಗಿದರೆ ಬಿಟ್ಟು ಮುಂದೆ ಹೋಗಬೇಕೇ ಎಂದು ಕೆಲವರು ಕೇಳುತ್ತಾರೆ. ಐದು ಆಯ್ಕೆಗಳಲ್ಲಿ ಸುಮ್ಮನೆ ಊಹಿಸಿದರೆ ಸರಾಸರಿ ಲಾಭ ಸೊನ್ನೆ. ನಾಲ್ಕು ಬಾರಿ ತಪ್ಪಿ ಕಳೆದುಕೊಂಡ ಅಂಕವನ್ನು ಒಂದು ಬಾರಿ ಗೆದ್ದದ್ದು ಸರಿದೂಗಿಸುತ್ತದೆ, ಅಷ್ಟೆ. ಎರಡೇ ಉಳಿದಿದ್ದರೆ ಊಹೆಗೂ ಸರಾಸರಿ ಮುಕ್ಕಾಲಿನ ಅರ್ಧ, ಅಂದರೆ 0.375 ಅಂಕ ಬರುತ್ತದೆ. ಹಾಗಾಗಿ 3 ಮತ್ತು 4ರ ಜಗಳ ಬಗೆಹರಿಯದಿದ್ದರೂ ಖಾಲಿ ಬಿಡಬೇಡಿ.

ಮಾನಸಗಂಗೋತ್ರಿ ಸಂಶೋಧಕಿ

ಮೇಷ್ಟ್ರಿಗೆ ನಮಸ್ಕಾರ. ನಾನು ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೊದಲ ಪತ್ರಿಕೆಗೆ ಓದುವಾಗ ಇದೇ ವಿಷಯವನ್ನು ಬೇರೆ ಹೆಸರುಗಳಲ್ಲಿ ಓದಿದ್ದೇನೆ. ನಿಮ್ಮ ಸಾಲಿನಲ್ಲಿ ಒಂದು ಜೋಡಿಯನ್ನು ನೀವು ಹಾಗೆಯೇ ದಾಟಿಹೋದಿರಿ. ‘ಕೆಲವರು ಹೌದು’, ‘ಕೆಲವರು ಅಲ್ಲ’. ಅಂದರೆ 1ರಿಂದ 10, ಮತ್ತು 0ಯಿಂದ 9. ಬಿರುಕಿಲ್ಲ, ನಿಜ. ಆದರೆ 1ರಿಂದ 9ರವರೆಗೆ ಎರಡೂ ಒಂದರ ಮೇಲೊಂದು ಬೀಳುತ್ತವೆ. ನಾಲ್ವರು ಸದಸ್ಯರಾದರೆ ಎರಡೂ ನಿಜ. ಎರಡೂ ನಿಜವಾಗಬಹುದಾದಾಗ ‘ಇದು ಅಥವಾ ಅದು’ ಎನ್ನುವುದು ಸರಿಯೇ? ‘ಅಥವಾ’ ಎಂದರೆ ಒಂದೇ ಒಂದು ಎಂದು ಓದುವವರಿಗೆ 3 ತಪ್ಪಾಗಿ ಕಾಣುತ್ತದೆ. ಕನಿಷ್ಠ ಒಂದು ಎಂದು ಓದುವವರಿಗೆ ಸರಿಯಾಗಿ ಕಾಣುತ್ತದೆ. ನನ್ನ ಬಳಿ ಇರುವ ಎರಡು ಅಭ್ಯಾಸ ಪುಸ್ತಕಗಳಲ್ಲಿ ಒಂದು ಇದಕ್ಕೆ 3 ಎನ್ನುತ್ತದೆ, ಇನ್ನೊಂದು 4 ಎನ್ನುತ್ತದೆ.

ಇನ್ನೊಂದು ಸಂಶಯ. ಕಬ್ಬು ಬೆಳೆಗಾರನೇ ಒಬ್ಬನೂ ಇಲ್ಲದಿದ್ದರೆ? ಜಾರ್ಜ್ ಬೂಲ್ ನಂತರದ ತರ್ಕದಲ್ಲಿ ‘ಎಲ್ಲ ಬೆಳೆಗಾರರು ರೈತರು’ ಎಂಬುದು ಬೆಳೆಗಾರರು ಇದ್ದಾರೆ ಎಂದು ಹೇಳುವುದೇ ಇಲ್ಲ. ಆಗ ‘ಕೆಲವರು ಹೌದು’, ‘ಕೆಲವರು ಅಲ್ಲ’ ಎರಡೂ ಒಟ್ಟಿಗೆ ಸುಳ್ಳಾಗುತ್ತವೆ.

ತರ್ಕದ ಮೇಷ್ಟ್ರು, ಮಂಡ್ಯ

ತಾಯಿ, ಬಹಳ ಸೂಕ್ಷ್ಮವಾದ ಜಾಗಕ್ಕೆ ಬೆರಳಿಟ್ಟಿದ್ದೀರಿ. ಎರಡನೆಯ ಸಂಶಯಕ್ಕೆ ಮೊದಲು ಉತ್ತರಿಸುತ್ತೇನೆ, ಅದು ಸುಲಭ. ಈ ನೇಮಕಾತಿ ಪರೀಕ್ಷೆಗಳು ಅರಿಸ್ಟಾಟಲ್‌ನ ಹಳೆಯ ಹಾದಿಯಲ್ಲಿಯೇ ನಡೆಯುತ್ತವೆ. ‘ಎಲ್ಲ ಬೆಳೆಗಾರರು ರೈತರು’ ಎಂದ ಮೇಲೆ ‘ಕೆಲವು ಬೆಳೆಗಾರರು ರೈತರು’ ಎಂಬ ತೀರ್ಮಾನವನ್ನು ಅವು ಒಪ್ಪುತ್ತವೆ. ಬೆಳೆಗಾರರು ಇದ್ದಾರೆ ಎಂದು ಮೊದಲೇ ನಂಬಿದ್ದರೆ ಮಾತ್ರ ಹಾಗೆ ಒಪ್ಪಲು ಸಾಧ್ಯ. ಆದ್ದರಿಂದ ಅಲ್ಲಿ ಹತ್ತು ಜನರ ಸಾಲು ಖಾಲಿ ಇರುವುದಿಲ್ಲ. ನಿಮ್ಮ ಅರ್ಹತಾ ಪರೀಕ್ಷೆಗೆ ಓದುವಾಗ ಎಚ್ಚರವಾಗಿರಿ, ಇಲ್ಲಿ ನಡೆಯುವುದು ಅಲ್ಲಿಯೂ ನಡೆಯುತ್ತದೆ ಎನ್ನಲು ಬರುವುದಿಲ್ಲ.

ಮೊದಲನೆಯ ಸಂಶಯಕ್ಕೆ ನನ್ನ ಅಭಿಪ್ರಾಯ ಹೇಳುತ್ತೇನೆ, ತೀರ್ಪು ಎಂದು ತೆಗೆದುಕೊಳ್ಳಬೇಡಿ. 4 ಹೇಳುವುದು ‘ಯಾವುದೂ ಅನುಸರಿಸುವುದಿಲ್ಲ’ ಎಂದು. ಆದರೆ ಹೇಳಿಕೆಗಳು ಎರಡರಲ್ಲಿ ಕನಿಷ್ಠ ಒಂದನ್ನು ನಿಜ ಮಾಡಿಯೇ ತೀರುತ್ತವೆ. ಹೀಗಿರುವಾಗ 3 ಸ್ವಲ್ಪ ಸಡಿಲವಾಗಿದೆ, 4 ಅದಕ್ಕಿಂತ ಹೆಚ್ಚು ಸುಳ್ಳು. ಆದ್ದರಿಂದ ನಾನು 3 ಎನ್ನುತ್ತೇನೆ.

ಮಾನಸಗಂಗೋತ್ರಿ ಸಂಶೋಧಕಿ

ಒಪ್ಪಲು ಮನಸ್ಸಾಗುತ್ತಿಲ್ಲ ಮೇಷ್ಟ್ರೇ. ಆ ಜೋಡಿಯ ಬಲ ಹೇಳಿಕೆಗಳಿಂದ ಬಂದದ್ದೇ ಅಲ್ಲ. ಬೆಳೆಗಾರರು ಇದ್ದಾರೆ ಎಂಬುದೊಂದಿದ್ದರೆ ಸಾಕು, ಹೇಳಿಕೆ ಏನೇ ಇದ್ದರೂ ಅದು ನಿಲ್ಲುತ್ತದೆ. ಹೇಳಿಕೆಯಿಂದ ಹುಟ್ಟದ್ದನ್ನು ‘ಅನುಸರಿಸುತ್ತದೆ’ ಎನ್ನಬಹುದೇ?

ತರ್ಕದ ಮೇಷ್ಟ್ರು, ಮಂಡ್ಯ

ಆ ಆಕ್ಷೇಪ ಎತ್ತಿದರೆ ‘ಕೆಲವರು ಹೌದು, ಯಾರೂ ಅಲ್ಲ’ ಎಂಬ ಮೊದಲ ಜೋಡಿಗೂ ಅದು ತಟ್ಟುತ್ತದೆ. ಅದೂ ಯಾವ ಹೇಳಿಕೆಯ ಹಂಗಿಲ್ಲದೆ ಸಾಲನ್ನು ತುಂಬುತ್ತದೆ. ಆ ದಾರಿಯಲ್ಲಿ ನಡೆದರೆ 3ನೆಯ ಆಯ್ಕೆಯನ್ನೇ ಪ್ರಶ್ನೆಪತ್ರಿಕೆಯಿಂದ ತೆಗೆದುಹಾಕಬೇಕಾಗುತ್ತದೆ. ಶಾಸ್ತ್ರದ ದೃಷ್ಟಿಯಲ್ಲಿ ನೀವು ಹೇಳುವುದರಲ್ಲಿ ಹುರುಳಿದೆ. ಪರೀಕ್ಷೆ ಬರೆಯುವವರು ಮಾತ್ರ ಆಯಾ ಪರೀಕ್ಷೆಯ ಹಳೆಯ ಪತ್ರಿಕೆಗಳ ಅಧಿಕೃತ ಉತ್ತರ ನೋಡಿಕೊಂಡು ನಡೆಯುವುದು ಒಳ್ಳೆಯದು.

ಕೆ.ಆರ್. ಪೇಟೆಯ ಬೆಳೆಗಾರ

ಮೇಷ್ಟ್ರೇ, ನಾನು ಮತ್ತು ನನ್ನ ಮಗ ರಾತ್ರಿ ಊಟವಾದ ಮೇಲೆ ಹುಣಸೆ ಬೀಜಗಳನ್ನು ಸಾಲಾಗಿ ಇಟ್ಟುಕೊಂಡು ನಿಮ್ಮ ಲೆಕ್ಕ ಮಾಡಿದೆವು. ಸಿಪ್ಪೆ ಉಜ್ಜಿದ ಬೀಜ ಸದಸ್ಯ, ಉಜ್ಜದ್ದು ಸದಸ್ಯನಲ್ಲ. ‘ಎಲ್ಲ’ ಮತ್ತು ‘ಯಾರೂ ಅಲ್ಲ’ ನಡುವಿನ ಬಯಲು ಕಣ್ಣಿಗೇ ಕಂಡಿತು. ಮಗ ಒಂದು ಪ್ರಶ್ನೆ ಕೇಳುತ್ತಿದ್ದಾನೆ. ತೀರ್ಮಾನ ಒಂದು ‘ಎಲ್ಲ ಕಬ್ಬು ಬೆಳೆಗಾರರು ಸದಸ್ಯರು’, ತೀರ್ಮಾನ ಎರಡು ‘ಕೆಲವು ಸದಸ್ಯರು ಕಬ್ಬು ಬೆಳೆಗಾರರಲ್ಲ’. ಹೇಳಿಕೆಗಳು ಮೊದಲಿನವೇ. ಇದು ನೀವು ಹೇಳಿದ ‘ಎಲ್ಲ, ಕೆಲವರು ಅಲ್ಲ’ ಜೋಡಿಯೇ ಆಗಿರುವುದರಿಂದ 3 ಎಂದು ಅವನು ಹೇಳುತ್ತಾನೆ. ನನಗೆ ಏಕೋ ಸರಿಬರಲಿಲ್ಲ.

ಮದ್ದೂರಿನ ಗುಮಾಸ್ತ

ನಿಮ್ಮ ಅನುಮಾನ ಸರಿ ಬೆಳೆಗಾರರೇ, ಇಲ್ಲಿ ಉತ್ತರ 4. ಒಂದನೆಯದು ಬೆಳೆಗಾರರ ಸಾಲಿನ ಮಾತು. ಎರಡನೆಯದು ಸದಸ್ಯರ ಸಾಲಿನ ಮಾತು. ಎರಡು ಬೇರೆ ಬೇರೆ ಸಾಲುಗಳು, ಒಂದರ ಬಿರುಕನ್ನು ಇನ್ನೊಂದು ಮುಚ್ಚುವುದಿಲ್ಲ. ನಿಮ್ಮ ಬೀಜಗಳಲ್ಲಿಯೇ ನೋಡಿ. ಹತ್ತು ಬೆಳೆಗಾರರಲ್ಲಿ ನಾಲ್ವರು ಸದಸ್ಯರು, ಆ ನಾಲ್ವರನ್ನು ಬಿಟ್ಟರೆ ಸಂಘದಲ್ಲಿ ಬೇರೆ ಸದಸ್ಯರೇ ಇಲ್ಲ ಎಂದಿಟ್ಟುಕೊಳ್ಳಿ. ಬೆಳೆಗಾರರೆಲ್ಲ ರೈತರು, ಕೆಲವು ರೈತರು ಸದಸ್ಯರು, ಹೇಳಿಕೆಗಳಿಗೆ ಭಂಗವಿಲ್ಲ. ಎಲ್ಲ ಬೆಳೆಗಾರರೂ ಸದಸ್ಯರಾಗಿಲ್ಲವಾದ್ದರಿಂದ ಒಂದನೆಯದು ಸುಳ್ಳು. ಬೆಳೆಗಾರನಲ್ಲದ ಸದಸ್ಯ ಒಬ್ಬನೂ ಇಲ್ಲವಾದ್ದರಿಂದ ಎರಡನೆಯದೂ ಸುಳ್ಳು.

ಆದರೆ ‘ಕೆಲವು ಬೆಳೆಗಾರರು ಸದಸ್ಯರು’, ‘ಯಾವ ಸದಸ್ಯನೂ ಬೆಳೆಗಾರನಲ್ಲ’ ಎಂದು ತಿರುವಿ ಕೊಟ್ಟರೆ ಹೆದರಬೇಡಿ. ಯಾವ ಸದಸ್ಯನೂ ಬೆಳೆಗಾರನಲ್ಲ ಎಂದರೆ ಯಾವ ಬೆಳೆಗಾರನೂ ಸದಸ್ಯನಲ್ಲ ಎಂದೇ ಆಯಿತು. ತಿರುವಿದರೂ ಅದೇ ಸಾಲಿಗೆ ಬರುತ್ತದೆ, ಉತ್ತರ 3 ಆಗಿಯೇ ಉಳಿಯುತ್ತದೆ. ‘ಕೆಲವು ಅಲ್ಲ’ ಮತ್ತು ‘ಎಲ್ಲ’ ಎಂಬವುಗಳನ್ನು ಮಾತ್ರ ತಿರುವಿದಾಗ ಅರ್ಥ ಕೆಡುತ್ತದೆ.

ಪಾಂಡವಪುರದ ಅಭ್ಯರ್ಥಿ

ನಿಮ್ಮೆಲ್ಲರ ಮಾತು ಓದಿದ ಮೇಲೆ ತಪ್ಪಾಗಿದ್ದ ಆ ಏಳು ಪ್ರಶ್ನೆಗಳನ್ನು ಮತ್ತೆ ಬಿಡಿಸಿದೆ. ಆರು ಸರಿಯಾದವು. ಏಳನೆಯದನ್ನು ಇಲ್ಲಿ ಇಡುತ್ತಿದ್ದೇನೆ. ಹೇಳಿಕೆಗಳು: ಎಲ್ಲ ಕಬ್ಬು ಬೆಳೆಗಾರರು ರೈತರು. ಎಲ್ಲ ರೈತರೂ ಸಾಲಗಾರರಲ್ಲ. ತೀರ್ಮಾನ ಒಂದು: ಯಾವ ಕಬ್ಬು ಬೆಳೆಗಾರನೂ ಸಾಲಗಾರನಲ್ಲ. ತೀರ್ಮಾನ ಎರಡು: ಕೆಲವು ಕಬ್ಬು ಬೆಳೆಗಾರರು ಸಾಲಗಾರರು.

ಎರಡನೆಯ ಹೇಳಿಕೆಯನ್ನು ‘ರೈತರಲ್ಲಿ ಯಾರೂ ಸಾಲಗಾರರಲ್ಲ’ ಎಂದು ಓದಿದರೆ ಒಂದನೆಯ ತೀರ್ಮಾನ ನೇರವಾಗಿ ನಿಲ್ಲುತ್ತದೆ, ಉತ್ತರ 1. ‘ರೈತರೆಲ್ಲರೂ ಸಾಲಗಾರರೇನಲ್ಲ, ಕೆಲವರು ಅಲ್ಲ’ ಎಂದು ಓದಿದರೆ ಎರಡೂ ಬಿಡಿಯಾಗಿ ಬೀಳುತ್ತವೆ, ಸಾಲು ಪೂರ್ತಿ ತುಂಬುತ್ತದೆ, ಉತ್ತರ 3. ಪುಸ್ತಕ 1 ಎನ್ನುತ್ತದೆ. ನಮ್ಮ ಮನೆಯಲ್ಲಿ ‘ಎಲ್ಲರೂ ಕೆಟ್ಟವರಲ್ಲ’ ಎಂದರೆ ಕೆಲವರು ಒಳ್ಳೆಯವರು ಎಂದೇ ಅರ್ಥ. ಹಾಗಾಗಿ ನಾನು 3 ಎಂದು ಬರೆದೆ.

ಸರಸ್ವತಿಪುರಂ ಓದುಗ

ನಾನೂ ಹಾಗೆಯೇ ಓದುತ್ತಿದ್ದೆ. ಆದರೆ ಬಸ್ ನಿಲ್ದಾಣದಲ್ಲಿ ನಿಂತು ‘ಎಲ್ಲ ಬಸ್ಸುಗಳೂ ಬಂದಿಲ್ಲ’ ಎಂದರೆ ಒಂದೂ ಬಂದಿಲ್ಲವೋ, ಕೆಲವು ಬಂದಿಲ್ಲವೋ ಹೇಳುವುದು ಕಷ್ಟ.

ತರ್ಕದ ಮೇಷ್ಟ್ರು, ಮಂಡ್ಯ

ಮಗು, ನಿನ್ನ ತರ್ಕದಲ್ಲಿ ತಪ್ಪಿಲ್ಲ, ವಾಕ್ಯದಲ್ಲಿ ತಪ್ಪಿದೆ. ‘ಯಾವ ರೈತನೂ ಸಾಲಗಾರನಲ್ಲ’ ಎಂಬ ಖಚಿತ ರೂಪ ಕನ್ನಡದಲ್ಲಿ ಇದೆ. ‘ಕೆಲವು ರೈತರು ಸಾಲಗಾರರಲ್ಲ’ ಎಂಬ ಖಚಿತ ರೂಪವೂ ಇದೆ. ಇವೆರಡನ್ನೂ ಬಿಟ್ಟು ‘ಎಲ್ಲ ರೈತರೂ ಅಲ್ಲ’ ಎಂದು ಬರೆದರೆ ‘ಅಲ್ಲ’ ಎಂಬುದು ‘ಎಲ್ಲ’ವನ್ನು ತಳ್ಳುತ್ತಿದೆಯೋ, ಸಾಲಗಾರರನ್ನು ತಳ್ಳುತ್ತಿದೆಯೋ ತಿಳಿಯುವುದಿಲ್ಲ. ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸುವಾಗ ಹೀಗಾಗಿರಬಹುದು. ದ್ವಿಭಾಷಾ ಪತ್ರಿಕೆಯಾದರೆ ಪಕ್ಕದ ಇಂಗ್ಲಿಷ್ ವಾಕ್ಯವನ್ನು ನೋಡು, ಯಾವ ಭಾಷೆಯ ಪಾಠ ಅಂತಿಮ ಎಂದು ಮೊದಲ ಪುಟದ ಸೂಚನೆಯಲ್ಲಿ ಇದೆಯೇ ಎಂದೂ ನೋಡಿಕೋ. ನಿನ್ನ ಪುಸ್ತಕದಲ್ಲಿ ಕನ್ನಡ ಮಾತ್ರ ಇದ್ದರೆ, 1 ಸರಿಯೋ 3 ಸರಿಯೋ ಎಂದು ಆ ವಾಕ್ಯದಿಂದ ನನಗೂ ತೆಗೆಯಲು ಬರುವುದಿಲ್ಲ.

ಪಾಂಡವಪುರದ ಅಭ್ಯರ್ಥಿ

ಪುಸ್ತಕದಲ್ಲಿ ಕನ್ನಡ ಮಾತ್ರ ಇದೆ ಮೇಷ್ಟ್ರೇ. ಹಾಗಾದರೆ ಆ ಪ್ರಶ್ನೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ಯಾವ ರೈತನೂ’ ಎಂದು ತಿದ್ದಿ ಬರೆದುಕೊಳ್ಳುತ್ತೇನೆ. ನಾಳೆ ಮೂರು ಹೇಳಿಕೆಗಳ ಅಧ್ಯಾಯಕ್ಕೆ ಹೋಗುತ್ತಿದ್ದೇನೆ. ಚುಕ್ಕೆ ಗೆರೆಯ ಬಗ್ಗೆ ಮದ್ದೂರಿನ ಅಣ್ಣನನ್ನು ಮತ್ತೆ ಕೇಳಬೇಕಾಗುತ್ತದೆ.